5 ಪೌಂಡ್ 8 ಔನ್ಸ್ ಅಂದ್ರೆ ಎಷ್ಟು ಗ್ರಾಂ? ಮನೇಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ

ಪುಟ್ಟಿಯ_ಮಾವ (ದಾವಣಗೆರೆ)

ನಮಸ್ಕಾರ. ಅಕ್ಕನಿಗೆ ಅಮೆರಿಕದಲ್ಲಿ ಹೆರಿಗೆ ಆಯ್ತು, ಹೆಣ್ಣು ಮಗು. ಈಗ ಮಗುವಿಗೆ 2 ತಿಂಗಳು, ತವರಿಗೆ ಬಂದಿದ್ದಾಳೆ. ನಿನ್ನೆ ಲಸಿಕೆಗೆ ಅಂತ ಇಲ್ಲಿ ಮಕ್ಕಳ ಡಾಕ್ಟರ್ ಹತ್ತಿರ ಹೋಗಿದ್ದೆವು. ಹೊಸ ಫೈಲ್ ಮಾಡಿ ಬೆಳವಣಿಗೆ ಚಾರ್ಟ್ ಕೊಟ್ಟರು. ಹುಟ್ಟಿದಾಗಿನ ತೂಕ, ಆಮೇಲಿನ ತೂಕ ಎಲ್ಲ ಗ್ರಾಂನಲ್ಲಿ ಬರೆದುಕೊಂಡು ಬನ್ನಿ, ಚುಕ್ಕಿ ಹಾಕೋಣ ಅಂದರು.

ಭಾವ ಆಗ ವಾಟ್ಸಾಪ್‌ನಲ್ಲಿ ಕಳಿಸಿದ್ದು ಹೀಗಿದೆ:

ಹುಟ್ಟಿದಾಗ 5.8
4ನೇ ದಿನ 5.4
2 ವಾರಕ್ಕೆ 5.10

ಇದು ಪೌಂಡ್ ಮತ್ತು ಔನ್ಸ್ ಅಂತೆ. ಅಪ್ಪ ಕ್ಯಾಲ್ಕುಲೇಟರ್ ತಗೊಂಡು 5.8 ಅನ್ನು 453.6ರಿಂದ ಗುಣಿಸಿ 2631 ಗ್ರಾಂ ಅಂದರು. ಚಿಕ್ಕಪ್ಪನಿಗೆ ಚಿನ್ನದ ವ್ಯವಹಾರ, ಅವರದು 2517. ಒಂದು ಕೆಜಿಗೆ 2.2 ಪೌಂಡ್ ಅಂತ ನಾನು ಭಾಗಿಸಿದರೆ ಸರಿಯಾಗಿ 2500. ಚಾರ್ಟ್‌ಗೆ ಯಾವುದು ಬರೆಯೋದು?

ಇನ್ನೊಂದು ತಲೆಬಿಸಿ. ಅಪ್ಪನ ಲೆಕ್ಕದಲ್ಲಿ ಎರಡು ವಾರದ ತೂಕ 2313 ಬರುತ್ತೆ. ಅಂದರೆ ಮಗು ಇಳೀತಾನೇ ಹೋಗಿದೆ! ಅಜ್ಜಿ ಬೆಳಗ್ಗೆಯಿಂದ "ತಾಯಿ ಹಾಲು ಸಾಲ್ತಿಲ್ಲ, ಪುಡಿಹಾಲು ಶುರು ಮಾಡ್ರಿ" ಅಂತ ಕೂತಿದ್ದಾರೆ. ಅಕ್ಕ ಅಳೋದೊಂದು ಬಾಕಿ.

ಬೆಣ್ಣೆದೋಸೆ_ಪ್ರಿಯ

ಗೂಗಲ್‌ನಲ್ಲಿ ಹಾಕಿ ನೋಡ್ರಿ, ಎರಡು ಸೆಕೆಂಡಿನ ಕೆಲಸ. ಇದಕ್ಕೆ ಮನೆಮಂದಿಯೆಲ್ಲ ಕೂತು ಪಂಚಾಯ್ತಿ ಮಾಡ್ಬೇಕಾ?

ಪುಟ್ಟಿಯ_ಮಾವ (ದಾವಣಗೆರೆ)

ಹಾಕಿದೆ ಸರ್. 5.8 ಪೌಂಡ್ ಅಂತ ಕೊಟ್ಟರೆ ಗೂಗಲ್ ಕೂಡ 2631 ಅನ್ನುತ್ತೆ. ಅದಕ್ಕೇ ಅಪ್ಪ ಮೀಸೆ ತಿರುವುತ್ತಾ ಕೂತಿರೋದು.

ಹರಿಹರದ_ಅಕ್ಕಸಾಲಿ

ನಿಮ್ಮ ಚಿಕ್ಕಪ್ಪ ಹೇಳಿದ್ದೇ ಸರಿ. ಒಂದು ಔನ್ಸ್ ಅಂದರೆ 31.1 ಗ್ರಾಂ. ದಿನಾ ಟಿವಿಯಲ್ಲಿ ಅಂತಾರಾಷ್ಟ್ರೀಯ ಚಿನ್ನದ ದರ ಇದೇ ಔನ್ಸ್ ಲೆಕ್ಕದಲ್ಲೇ ಬರೋದು. 5 ಪೌಂಡಿಗೆ 2268, ಅದಕ್ಕೆ 8 ಔನ್ಸಿನ 249 ಸೇರಿಸಿ. 2517 ಆಯ್ತು. ಅನುಮಾನವೇ ಬೇಡ.

ಜಗಳೂರಮ್ಮ

ಅಯ್ಯೋ ಔನ್ಸ್ ಅಂದ್ರೆ 30 ಅಲ್ವಾ? ನನ್ನ ಮೊಮ್ಮಗನ ಹಾಲಿನ ಬಾಟಲಿ ಮೇಲೆ ಒಂದು ಕಡೆ ಔನ್ಸ್, ಇನ್ನೊಂದು ಕಡೆ ಎಂಎಲ್ ಇದೆ. 8 ಔನ್ಸ್ ಗೆರೆ ಎದುರಿಗೆ 240. ಅಂದಮೇಲೆ 2268ಕ್ಕೆ 240 ಸೇರಿಸಿದರೆ 2508 ಬರಬೇಕು. ಅದಿರಲಿ, ಎರಡು ತಿಂಗಳ ಮಗುವಿಗೆ ಒಂದು ಸಲಕ್ಕೆ ಎಷ್ಟು ಔನ್ಸ್ ಹಾಲು ಕೊಡಬೇಕು ಅಂತ ತಾನೆ ನೀವು ಕೇಳ್ತಿರೋದು?

ಪುಟ್ಟಿಯ_ಮಾವ (ದಾವಣಗೆರೆ)

ಇಲ್ಲ ಅಮ್ಮ, ಹಾಲಿನ ವಿಷಯ ಅಲ್ಲ. ಮಗುವಿನ ತೂಕ.

ಹಿರಿಯೂರು_ಸಿಸ್ಟರ್

ನಾನು ನವಜಾತ ಶಿಶುಗಳ ವಾರ್ಡ್‌ನಲ್ಲಿ ಕೆಲಸ ಮಾಡುವವಳು. ಮೊದಲು ಅಜ್ಜಿಗೆ ಹೇಳಿ, ಪುಡಿಹಾಲಿನ ಡಬ್ಬಿ ತೆರೆಯೋದು ಬೇಡ. ನೀವು ಕೊಟ್ಟ ಮೂರು ಅಂಕಿಯಲ್ಲೇ ಉತ್ತರ ಇದೆ.

ಭಾವ ಬರೆದಿರೋ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ. ನಾವು ಗಂಟೆ ನಿಮಿಷ ಬರೆಯುವಾಗ 5.10 ಅಂತ ಬರೀತೀವಲ್ಲ, ಅಂಥ ಚುಕ್ಕಿ. ಒಂದು ಪೌಂಡಿಗೆ 16 ಔನ್ಸ್. ಹಾಗಾಗಿ 8 ಔನ್ಸ್ ಅಂದರೆ ಅರ್ಧ ಪೌಂಡ್. 5.8 ಅಂತ ಬರೆದಿರೋದು ನಿಜಕ್ಕೂ ಐದೂವರೆ ಪೌಂಡ್. ನಿಮ್ಮ ತಂದೆ ಐದೂವರೆ ಬದಲು ಐದು ಪಾಯಿಂಟ್ ಎಂಟನ್ನು ಗುಣಿಸಿದ್ದಾರೆ. ಗೂಗಲ್‌ಗೂ ನೀವು ಅದನ್ನೇ ಕೊಟ್ಟಿದ್ದೀರಿ, ಅದು ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ ಅಷ್ಟೆ.

ಗೊತ್ತಾಗೋದು ಹೇಗೆ ಅಂದರೆ, ಆ 5.10 ನೋಡಿ. ದಶಮಾಂಶ ಆಗಿದ್ದರೆ ಕೊನೆಯ ಸೊನ್ನೆ ಯಾರು ಬರೀತಿದ್ದರು? 5.1 ಅಂತ ಬರೀತಿದ್ದರು. ಚುಕ್ಕಿ ಆದಮೇಲೆ 10, 11, 12, 13, 14, 15 ಕಂಡರೆ ಅದು ಔನ್ಸ್ ಅಂತಲೇ ತಿಳಿಯಿರಿ. 16 ಯಾವತ್ತೂ ಬರಲ್ಲ, ಅಷ್ಟೊತ್ತಿಗೆ ಪೌಂಡ್ ಒಂದು ಏರಿರುತ್ತೆ.

ಈಗ ಲೆಕ್ಕ. ಎಲ್ಲವನ್ನೂ ಮೊದಲು ಔನ್ಸಿಗೆ ಇಳಿಸಿಕೊಳ್ಳಿ, ಆಮೇಲೆ 28.35ರಿಂದ ಗುಣಿಸಿ.

ಹುಟ್ಟಿದಾಗ: 5 × 16 = 80, ಅದಕ್ಕೆ 8 ಸೇರಿಸಿ 88 ಔನ್ಸ್. ಗ್ರಾಂನಲ್ಲಿ 2495.
4ನೇ ದಿನ: 84 ಔನ್ಸ್. 2381 ಗ್ರಾಂ.
2 ವಾರಕ್ಕೆ: 90 ಔನ್ಸ್. 2551 ಗ್ರಾಂ.

ಮಗು ಎಲ್ಲಿ ಇಳಿದಿದೆ? ಮೊದಲ ನಾಲ್ಕು ದಿನ 4 ಔನ್ಸ್ ಇಳಿದು, ಎರಡು ವಾರದೊಳಗೆ ಹುಟ್ಟಿದ ತೂಕ ದಾಟಿ 2 ಔನ್ಸ್ ಮೇಲೆ ಹೋಗಿದೆ.

ಪುಟ್ಟಿಯ_ಮಾವ (ದಾವಣಗೆರೆ)

ಸಿಸ್ಟರ್, ಇದನ್ನು ಓದಿ ಹೇಳಿದ ಕೂಡಲೇ ಅಕ್ಕ ಎದ್ದು ಹೋಗಿ ಅಜ್ಜಿ ಮುಂದೆ ಫೋನ್ ಹಿಡಿದಳು. ಅಜ್ಜಿ ಈಗ "ನಾಲ್ಕು ಔನ್ಸ್ ಆದ್ರೂ ಇಳಿದಿತ್ತಲ್ಲ" ಅಂತಿದ್ದಾರೆ. ಅದಕ್ಕೇನು ಹೇಳೋದು?

ಹಿರಿಯೂರು_ಸಿಸ್ಟರ್

ಹುಟ್ಟಿದ ಮಕ್ಕಳೆಲ್ಲ ಮೊದಲ ದಿನಗಳಲ್ಲಿ ಸ್ವಲ್ಪ ಇಳೀತಾವೆ. ಮೈಯಲ್ಲಿರುವ ಹೆಚ್ಚಿನ ನೀರು ಹೋಗುತ್ತೆ, ಮೊದಲ ಕಪ್ಪು ಮಲ ಹೋಗುತ್ತೆ, ತಾಯಿಗೆ ಹಾಲು ತುಂಬಿಕೊಳ್ಳೋಕೂ ಎರಡು ಮೂರು ದಿನ ಬೇಕು. ಎಷ್ಟು ಗ್ರಾಂ ಇಳೀತು ಅಂತ ನಾವು ನೋಡಲ್ಲ, ಹುಟ್ಟಿದ ತೂಕದಲ್ಲಿ ಶೇಕಡಾ ಎಷ್ಟು ಅಂತ ನೋಡ್ತೀವಿ. ಇಲ್ಲಿ 88 ಔನ್ಸಿನಲ್ಲಿ 4 ಹೋಗಿದೆ, ಅಂದರೆ ಶೇಕಡಾ 4.5. ಏಳರ ಹತ್ತಿರ ಬಂದರೆ ಹಾಲು ಕುಡಿಸೋ ರೀತಿ ಕೂತು ನೋಡ್ತೀವಿ, ಹತ್ತು ದಾಟಿದರೆ ನಿಜಕ್ಕೂ ಎಚ್ಚರ ಆಗ್ತೀವಿ. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಪುಟ್ಟಿ ಬಂದಿದ್ದಾಳೆ.

ನಿಮ್ಮ ತಂದೆಯ ಲೆಕ್ಕ ನೋಡಿ: 2631ರಿಂದ 2313ಕ್ಕೆ. 318 ಗ್ರಾಂ ಇಳಿಕೆ, ಶೇಕಡಾ 12. ಎರಡು ವಾರದ ಮಗುವಿನ ಹಾಳೆಯಲ್ಲಿ ಹೀಗೆ ಕಂಡರೆ ನಾವು ಆ ಹೊತ್ತಿಗೇ ಅಡ್ಮಿಟ್ ಮಾಡಿ ಅಂತೀವಿ.

ಮಂಡಕ್ಕಿ_ಮೇಷ್ಟ್ರು

ಸಿಸ್ಟರ್ ಹೇಳಿದ 16ರ ಲೆಕ್ಕ ಸರಿ. ಆದರೆ ಹುಡುಗ ಮಾಡಿದ 2500 ಕೂಡ ಸರಿಯೇ ಅಲ್ವಾ? ಐದೂವರೆ ಪೌಂಡ್ ಅಂತ ಸರಿಯಾಗಿ ತಗೊಂಡಿದ್ದಾನೆ, 2.2ರಿಂದ ಭಾಗಿಸಿದ್ದಾನೆ. ನಾವೂ ಶಾಲೆಯಲ್ಲಿ ಇದನ್ನೇ ಕಲಿಸಿದ್ದು. 2495 ಎಲ್ಲಿ, 2500 ಎಲ್ಲಿ. 5 ಗ್ರಾಂ ಅಂದರೆ ಒಂದು ಚಮಚ ಸಕ್ಕರೆ. ಇದಕ್ಕೆ ಯಾಕೆ ಇಷ್ಟು ರಾದ್ಧಾಂತ?

ಎಕ್ಸೆಲ್_ಗೌಡ್ರು

ಮೇಷ್ಟ್ರೇ, 2.2 ಅನ್ನೋದು ಸಂತೆ ಲೆಕ್ಕ. ನಿಜವಾದದ್ದು 2.2046. ಬೇರೆ ಮಗು ಆಗಿದ್ದರೆ ನಾನೂ ಸುಮ್ನೆ ಇರ್ತಿದ್ದೆ. ಈ ಮಗುವಿನ ತೂಕ ಬಂದು ಕೂತಿರೋದೇ ಗೆರೆ ಮೇಲೆ.

ಹಿರಿಯೂರು_ಸಿಸ್ಟರ್

ಗೌಡ್ರು ಹೇಳಿದ್ದು ಸರಿ. 2500 ಗ್ರಾಂಗಿಂತ ಕಡಿಮೆ ಇದ್ದರೆ "ಕಡಿಮೆ ಜನನ ತೂಕ" ಅಂತ ರಿಜಿಸ್ಟರ್‌ನಲ್ಲಿ ಬರೀತೀವಿ. 2499 ಇದ್ದರೆ ಕಡಿಮೆ, 2500 ಇದ್ದರೆ ಅಲ್ಲ. ಈ ಥ್ರೆಡ್‌ನಲ್ಲಿ ಬಂದ ಲೆಕ್ಕಗಳನ್ನೇ ನೋಡಿ: 2500, 2508, 2517, 2631. ನಾಲ್ಕೂ ಮಗುವನ್ನು ಗೆರೆ ದಾಟಿಸಿಬಿಟ್ಟಿವೆ. ಸರಿಯಾದ 2495 ಮಾತ್ರ ಗೆರೆಯ ಕೆಳಗಿದೆ.

ಮಂಡಕ್ಕಿ_ಮೇಷ್ಟ್ರು

ಹಾಗಾದರೆ 5 ಗ್ರಾಂ ಕಡಿಮೆ ಆದ ಮಗುವಿಗೆ ಕಾಯಿಲೆ, 5 ಗ್ರಾಂ ಜಾಸ್ತಿ ಆದದ್ದಕ್ಕೆ ಆರೋಗ್ಯವೇ?

ಹಿರಿಯೂರು_ಸಿಸ್ಟರ್

ಹಾಗೆ ಯಾರು ಹೇಳಿದರು ಮೇಷ್ಟ್ರೇ? ಎಲ್ಲೋ ಒಂದು ಕಡೆ ಗೆರೆ ಎಳೀಬೇಕು, ಎಳೆದಿದ್ದಾರೆ. 1976ಕ್ಕೆ ಮುಂಚೆ 2500 ಇದ್ದ ಮಗುವನ್ನೂ ಕಡಿಮೆ ತೂಕ ಅಂತಲೇ ಎಣಿಸ್ತಿದ್ದರು. ಆಮೇಲೆ 2500ಕ್ಕಿಂತ ಕಡಿಮೆ ಇದ್ದರೆ ಮಾತ್ರ ಅಂತ ಆಯ್ತು. ಗೆರೆ ಹತ್ತಿರದ ಮಗುವನ್ನು ಡಾಕ್ಟರ್ ಬರೀ ತೂಕ ನೋಡಿ ಅಳೆಯಲ್ಲ. ಎಷ್ಟನೇ ವಾರಕ್ಕೆ ಹುಟ್ಟಿತು ಅಂತ ಮೊದಲು ಕೇಳ್ತಾರೆ. 36 ವಾರಕ್ಕೆ ಹುಟ್ಟಿ 2495 ಇರೋದು ಬೇರೆ, 40 ವಾರ ತುಂಬಿ 2495 ಇರೋದು ಬೇರೆ.

ಪುಟ್ಟಿಯ_ಮಾವ (ದಾವಣಗೆರೆ)

37 ವಾರ ತುಂಬಿ ಮೂರು ದಿನ ಆಗಿತ್ತು ಅಂತೆ.

ಹಿರಿಯೂರು_ಸಿಸ್ಟರ್

ಅದನ್ನೂ ಫೈಲ್‌ನಲ್ಲಿ ಬರೆಸಿ. ಆ ಚಾರ್ಟ್ ನೋಡುವಾಗ ಅವರಿಗೆ ಬೇಕಾಗುತ್ತೆ.

ಹರಿಹರದ_ಅಕ್ಕಸಾಲಿ

ಎಲ್ಲರೂ 28.35 ಅಂತಿದ್ದೀರಿ. ಹಾಗಾದರೆ 31.1 ಅನ್ನೋದು ಎಲ್ಲಿಂದ ಬಂತು? ನಾವೇನು ಇಷ್ಟು ವರ್ಷ ಸುಳ್ಳು ತೂಗಿದ್ವಾ?

ಎಕ್ಸೆಲ್_ಗೌಡ್ರು

ಸುಳ್ಳಲ್ಲ ಅಣ್ಣ. ಚಿನ್ನ ಬೆಳ್ಳಿಗೆ ಟ್ರಾಯ್ ಔನ್ಸ್, ಅದು 31.1 ಗ್ರಾಂ. ಆದರೆ ಟ್ರಾಯ್ ಪೌಂಡ್‌ಗೆ 12 ಔನ್ಸ್ ಮಾತ್ರ, ಸುಮಾರು 373 ಗ್ರಾಂ. ಮಗುವನ್ನು ತೂಗೋದು ಅಕ್ಕಿ ಬೇಳೆ ತೂಗುವ ಪೌಂಡ್‌ನಲ್ಲಿ, ಅದಕ್ಕೆ 16 ಔನ್ಸ್, 453.6 ಗ್ರಾಂ. ನೀವು ಪೌಂಡನ್ನು ದಿನಸಿ ಅಂಗಡಿಯಿಂದ ತಗೊಂಡಿದ್ದೀರಿ, ಔನ್ಸನ್ನು ಚಿನ್ನದ ಅಂಗಡಿಯಿಂದ.

ಪರೀಕ್ಷೆ ಸುಲಭ. ನಿಮ್ಮ ಔನ್ಸನ್ನು 16ರಿಂದ ಗುಣಿಸಿ ನೋಡಿ, 453.6 ಬರಬೇಕು. 28.35 × 16 ಮಾಡಿದರೆ ಬರುತ್ತೆ. 31.1 × 16 ಮಾಡಿದರೆ 497 ದಾಟುತ್ತೆ. ಜಗಳೂರಮ್ಮನ 30 × 16 ಮಾಡಿದರೆ 480. ಅವರ ಬಾಟಲಿ ಮೇಲಿನದು ತೂಕದ ಔನ್ಸ್ ಅಲ್ಲ, ಅಳತೆಯ ಔನ್ಸ್. ಹಾಲು, ಔಷಧಿ ಅಳೆಯೋಕೆ ಇರೋದು.

ಹರಿಹರದ_ಅಕ್ಕಸಾಲಿ

ಸರಿ ಸರಿ. ಆದರೂ ಹೆಣ್ಣು ಮಗು, ಚಿನ್ನದ ಲೆಕ್ಕದಲ್ಲೇ ತೂಗಿದರೆ ತಪ್ಪೇನಿಲ್ಲ 😄

ಜಗಳೂರಮ್ಮ

ಅಳತೆಯ ಔನ್ಸ್ ಬೇರೆ, ತೂಕದ ಔನ್ಸ್ ಬೇರೆ, ಚಿನ್ನದ ಔನ್ಸ್ ಬೇರೆ. ಇದಕ್ಕಿಂತ ನಮ್ಮ ಸೇರು ಪಾವೇ ವಾಸಿ.

ಕೋಟೆ_ಹುಡುಗ (ಚಿತ್ರದುರ್ಗ)

ಸೇರು ಪಾವೂ ಊರಿಗೊಂದು ಥರ ಇತ್ತು ಅಮ್ಮ, ಅದಕ್ಕೇ ಬಿಟ್ಟಿದ್ದು. ನಮ್ಮ ದೊಡ್ಡಪ್ಪ ಹುಟ್ಟಿದ್ದು 1955ರಲ್ಲಿ. ಅವರ ಹಳೇ ಚೀಟಿಯಲ್ಲಿ "7 ಪೌಂಡ್" ಅಂತ ಇದೆ. ಇಲ್ಲಿ ಮೆಟ್ರಿಕ್ ತೂಕ ಜಾರಿಗೆ ಬರೋಕೆ ಶುರುವಾಗಿದ್ದೇ 1958ರ ಅಕ್ಟೋಬರ್‌ನಿಂದ. ಇವತ್ತಿಗೂ ಅವರು "ನಾನು ಏಳು ಪೌಂಡ್ ಮಗು" ಅಂತ ಜಂಬ ಕೊಚ್ಚಿಕೊಳ್ತಾರೆ. ಲೆಕ್ಕ ಹಾಕಿದೆ, 3175 ಗ್ರಾಂ. ಅಂಥ ಜಂಬ ಪಡುವಷ್ಟೇನಿಲ್ಲ.

ಬೆಣ್ಣೆದೋಸೆ_ಪ್ರಿಯ

ದೊಡ್ಡಪ್ಪನಿಗೆ ಇದನ್ನು ಹೇಳಿದ್ರಾ?

ಕೋಟೆ_ಹುಡುಗ (ಚಿತ್ರದುರ್ಗ)

ಆಸ್ತಿ ಭಾಗ ಆಗೋವರೆಗೂ ಹೇಳಲ್ಲ.

ಡಲ್ಲಾಸ್_ಕನ್ನಡತಿ

ಎಲ್ಲರೂ ಲೆಕ್ಕ ಮಾಡ್ತಿದ್ದೀರಿ, ಒಂದು ಮಾತು ಕೇಳಿ. ನನಗೂ ಎರಡು ಹೆರಿಗೆ ಇಲ್ಲೇ ಆಗಿದ್ದು. ಇಲ್ಲಿನ ಆಸ್ಪತ್ರೆಗಳು ಮನೆಯವರಿಗೆ ಹೇಳೋದು ಪೌಂಡ್ ಔನ್ಸ್‌ನಲ್ಲಿ. ಆದರೆ ಮಗುವಿನ ದಾಖಲೆಯಲ್ಲಿ ಗ್ರಾಂ ಇದ್ದೇ ಇರುತ್ತೆ, ಯಾಕಂದ್ರೆ ಔಷಧಿಯ ಪ್ರಮಾಣ ಎಲ್ಲ ಕೆಜಿ ಲೆಕ್ಕದಲ್ಲೇ ಹಾಕೋದು. ಜನನ ಪ್ರಮಾಣಪತ್ರಕ್ಕೆ ಆಸ್ಪತ್ರೆ ತುಂಬುವ ಅರ್ಜಿಯಲ್ಲೂ ಗ್ರಾಂನಲ್ಲಿ ಬರೆದರೆ ಒಳ್ಳೆಯದು ಅಂತಲೇ ಇರುತ್ತೆ. ನಿಮ್ಮ ಅಕ್ಕನಿಗೆ ಆಸ್ಪತ್ರೆಯ ಪೋರ್ಟಲ್‌ಗೆ ಲಾಗಿನ್ ಇರುತ್ತೆ. ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಲಿ. ಅಲ್ಲಿ ತೂಗಿದ ಗ್ರಾಂ ಇದ್ದರೆ ಅದನ್ನೇ ಬರೀರಿ, ಪರಿವರ್ತನೆಯೇ ಬೇಕಿಲ್ಲ.

ಯಾಕೆ ಹೇಳ್ತಿದ್ದೀನಿ ಅಂದರೆ, ತೂಗಿದ್ದು ಗ್ರಾಂನಲ್ಲಿ, ಅದನ್ನು ಔನ್ಸಿಗೆ ತಿರುಗಿಸಿದ್ದಾರೆ, ನಿಮ್ಮ ಭಾವನಿಗೆ ಹೇಳುವಾಗ ಪೂರ್ತಿ ಔನ್ಸ್ ಮಾಡಿದ್ದಾರೆ. ಈಗ ನೀವು ಮತ್ತೆ ಗ್ರಾಂಗೆ ತಿರುಗಿಸ್ತಿದ್ದೀರಿ. ನಡುವೆ ಕಳೆದುಹೋಗಿದ್ದು ವಾಪಸ್ ಬರಲ್ಲ.

ಹಿರಿಯೂರು_ಸಿಸ್ಟರ್

ಇದು ಎಲ್ಲಕ್ಕಿಂತ ಒಳ್ಳೆಯ ಸಲಹೆ. ನಾನು ಮೇಲೆ 2495 ಅಂತ ಬರೆದಿದ್ದೂ ಆ ಅರ್ಥದಲ್ಲೇ, ಅದಕ್ಕಿಂತ ಒಳ್ಳೆಯದು ಸಿಗದಿದ್ದರೆ ಮಾತ್ರ. ಒಂದು ಔನ್ಸ್ ಅಂದರೆ 28 ಗ್ರಾಂ. ಪೂರ್ತಿ ಔನ್ಸಿಗೆ ಸರಿಮಾಡಿದ್ದರೆ ನಿಜವಾದ ತೂಕ ಆ ಕಡೆ 14 ಗ್ರಾಂ, ಈ ಕಡೆ 14 ಗ್ರಾಂ ಎಲ್ಲಿ ಬೇಕಾದರೂ ಇರಬಹುದು. ಅಂದರೆ 2481ರಿಂದ 2509ರವರೆಗೆ. 2500ರ ಗೆರೆ ಅದರೊಳಗೇ ಇದೆ.

ಮಂಡಕ್ಕಿ_ಮೇಷ್ಟ್ರು

ಅಂದರೆ ನನ್ನ 2500 ತಪ್ಪು ಅಂತ ಹೇಳೋಕೂ ಆಗಲ್ಲ! ನಾನು ಅದನ್ನೇ ಹೇಳಿದ್ದು.

ಎಕ್ಸೆಲ್_ಗೌಡ್ರು

ನೀವು ಹೇಳಿದ್ದು ಅದಲ್ಲ ಮೇಷ್ಟ್ರೇ. 2.2 ಸಾಕು ಅಂದಿದ್ರಿ. ಕುರುಡು ಕೋಳಿಗೆ ಕಾಳು ಸಿಕ್ಕಿದ ಹಾಗಾಯ್ತು.

ಅಂದಹಾಗೆ ಪೋರ್ಟಲ್ ಸಿಗದವರಿಗೆ ಇಲ್ಲಿದೆ. ಪೌಂಡ್ ಒಂದು ಕಾಲಂ, ಔನ್ಸ್ ಇನ್ನೊಂದು ಕಾಲಂ, ಯಾವತ್ತೂ ಒಂದೇ ಸೆಲ್‌ನಲ್ಲಿ ಬೇಡ. 5.10 ಅಂತ ಒಂದೇ ಸೆಲ್‌ನಲ್ಲಿ ಹಾಕಿದರೆ ಎಕ್ಸೆಲ್ ಆ ಸೊನ್ನೆ ನುಂಗಿ 5.1 ಮಾಡುತ್ತೆ. ಆಮೇಲೆ ಅದು 1 ಔನ್ಸಾ, 10 ಔನ್ಸಾ ಅಂತ ದೇವರಿಗೂ ಗೊತ್ತಾಗಲ್ಲ. ಪೌಂಡ್ A2ರಲ್ಲಿ, ಔನ್ಸ್ B2ರಲ್ಲಿ ಇದ್ದರೆ:

```
=ROUND((A2*16+B2)*28.349523,0)
```

ಗೂಗಲ್‌ನಲ್ಲೇ ಹುಡುಕೋದಾದರೆ ಎರಡನ್ನೂ ಬಿಡಿಸಿ ಕೊಡಿ:

```
5 lb + 8 oz in grams
```

ಪುಟ್ಟಿಯ_ಮಾವ (ದಾವಣಗೆರೆ)

ಅಕ್ಕ ಪೋರ್ಟಲ್ ತೆಗೆದಳು. ಡಲ್ಲಾಸ್ ಅಕ್ಕ ಹೇಳಿದ ಹಾಗೇ ಇದೆ. ಹುಟ್ಟಿದಾಗ 2.49 ಕೆಜಿ, ಪಕ್ಕದಲ್ಲಿ 5 ಪೌಂಡ್ 7.8 ಔನ್ಸ್. ಭಾವ 8 ಅಂತ ಕೇಳಿಸಿಕೊಂಡಿದ್ದಾರೆ, ಇಲ್ಲಾ ಆಸ್ಪತ್ರೆಯವರೇ ಹಾಗೆ ಹೇಳಿದ್ದಾರೆ. 4ನೇ ದಿನದ್ದು ಆಸ್ಪತ್ರೆಯದಲ್ಲ, ಬೇರೆ ಕ್ಲಿನಿಕ್‌ನದು. ಅಲ್ಲಿ 2.381 ಅಂತ ಇದೆ. ಎರಡು ವಾರದ್ದು ಕ್ಲಿನಿಕ್‌ನಲ್ಲಿ ಪೌಂಡ್ ಔನ್ಸ್ ಮಾತ್ರ ಕೊಟ್ಟಿದ್ದಾರೆ.

ಹಿರಿಯೂರು_ಸಿಸ್ಟರ್

ಚಾರ್ಟ್‌ಗೆ ಹುಟ್ಟಿದ ತೂಕ 2490 ಅಂತ ಬರೆಸಿ. ಎರಡು ವಾರದ್ದಕ್ಕೆ 2551, ಪಕ್ಕದಲ್ಲಿ "5 ಪೌಂಡ್ 10 ಔನ್ಸ್‌ನಿಂದ" ಅಂತ ಚಿಕ್ಕದಾಗಿ ಬರೀರಿ. ಮೂಲ ಅಂಕಿ ಕಾಣ್ತಿದ್ದರೆ ಮುಂದೆ ಯಾರಿಗಾದರೂ ಅನುಮಾನ ಬಂದಾಗ ಮತ್ತೆ ಲೆಕ್ಕ ಹಾಕಬಹುದು. ಬರೀ ಗ್ರಾಂ ಬರೆದರೆ ಅದು ತೂಗಿದ್ದಾ, ತಿರುಗಿಸಿದ್ದಾ ಅಂತ ಗೊತ್ತಾಗಲ್ಲ. ನಿನ್ನೆ ಇಲ್ಲಿ ತೂಗಿದಾಗ ಎಷ್ಟಿತ್ತು?

ಪುಟ್ಟಿಯ_ಮಾವ (ದಾವಣಗೆರೆ)

4.3 ಕೆಜಿ, ಬಟ್ಟೆ ಬಿಚ್ಚಿ.

ಹಿರಿಯೂರು_ಸಿಸ್ಟರ್

ಈಗ ಚಾರ್ಟ್ ಮೇಲೆ ಇಡಿ. ಹುಡುಗಿಯರ ಗುಲಾಬಿ ಚಾರ್ಟ್ ಅಂತ ಖಚಿತ ಮಾಡ್ಕೊಳ್ಳಿ, ಹುಡುಗರ ನೀಲಿ ಚಾರ್ಟ್‌ನಲ್ಲಿ ಗೆರೆಗಳು ಸ್ವಲ್ಪ ಮೇಲಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನಲ್ಲಿ ಹೆಣ್ಣು ಮಗುವಿಗೆ ಹುಟ್ಟಿದಾಗ ನಡುವಿನ ಗೆರೆ 3.2 ಕೆಜಿ, ಕೆಳಗಿನ ಎಚ್ಚರಿಕೆಯ ಗೆರೆ 2.4. ಪುಟ್ಟಿ 2.49, ಅಂದರೆ ಆ ಗೆರೆಗೆ ಅಂಟಿಕೊಂಡ ಹಾಗೆ ಸ್ವಲ್ಪ ಮೇಲೆ. ಎರಡು ತಿಂಗಳಿಗೆ ಆ ಕೆಳಗಿನ ಗೆರೆ 3.9ಕ್ಕೆ ಬಂದಿರುತ್ತೆ. ಪುಟ್ಟಿ 4.3. ಗೆರೆಯಿಂದ ದೂರ ಸರಿದಿದ್ದಾಳೆ. ಇದೇ ನೋಡಬೇಕಾದ್ದು, ಚುಕ್ಕಿ ಯಾವ ಕಡೆ ನಡೀತಿದೆ ಅಂತ.

ತಂದೆಯ 2631 ಇಟ್ಟಿದ್ದರೆ ಏನಾಗ್ತಿತ್ತು ಗೊತ್ತಾ? ಮೊದಲ ಚುಕ್ಕಿ ಸುಳ್ಳು ಸುಳ್ಳೇ ಮೇಲೆ ಕೂತು, ಮಗು ಇಷ್ಟು ಚೆನ್ನಾಗಿ ಮೇಲೆ ಬಂದಿರೋದು ಕಾಣ್ತಾನೇ ಇರಲಿಲ್ಲ. ಸುಮ್ನೆ ಇದ್ದಲ್ಲೇ ಇದೆ ಅನ್ನಿಸ್ತಿತ್ತು.

ಬೆಣ್ಣೆದೋಸೆ_ಪ್ರಿಯ

ತಡೀರಿ. ಈ ಮಗು 2500ಕ್ಕಿಂತ ಕಡಿಮೆ, ಆದ್ದರಿಂದ ಕಡಿಮೆ ತೂಕ ಅಂದ್ರಿ. ಈಗ ಚಾರ್ಟ್‌ನಲ್ಲಿ ಎಚ್ಚರಿಕೆ ಗೆರೆ ಮೇಲಿದೆ ಅಂತೀರಿ. ಎರಡರಲ್ಲಿ ಯಾವುದು?

ಹಿರಿಯೂರು_ಸಿಸ್ಟರ್

ಎರಡೂ. 2500 ಅನ್ನೋದು ಗಂಡು, ಹೆಣ್ಣು ಎಲ್ಲರಿಗೂ ಒಂದೇ. ಚಾರ್ಟ್‌ನ ಗೆರೆ ಹೆಣ್ಣಿಗೆ ಬೇರೆ, ಗಂಡಿಗೆ ಬೇರೆ. ಹಾಗಾಗಿ ಹುಡುಗಿಯರಲ್ಲಿ 2.4ಕ್ಕೂ 2.5ಕ್ಕೂ ನಡುವೆ ಹುಟ್ಟಿದವರು ರಿಜಿಸ್ಟರ್‌ನಲ್ಲಿ ಕಡಿಮೆ ತೂಕ, ಚಾರ್ಟ್‌ನಲ್ಲಿ ಹಸಿರು.

ಬೆಣ್ಣೆದೋಸೆ_ಪ್ರಿಯ

ಇದನ್ನು ಅಜ್ಜಿಗೆ ಹೇಗೆ ಹೇಳ್ತೀರೋ ನೋಡೋಣ.

ಮಂಡಕ್ಕಿ_ಮೇಷ್ಟ್ರು

ನನಗೊಂದು ಅನುಮಾನ. ಹುಟ್ಟಿದಾಗ ತೂಗಿದ್ದು ಆಸ್ಪತ್ರೆಯ ತಕ್ಕಡಿ, ನಾಲ್ಕನೇ ದಿನ ಕ್ಲಿನಿಕ್‌ನದು. ಎರಡು ತಕ್ಕಡಿ ಒಂದೇ ಥರ ತೂಗುತ್ತವೆ ಅಂತ ಯಾರು ಹೇಳಿದರು? ಡೈಪರ್ ಇತ್ತಾ, ಇರಲಿಲ್ವಾ? ನೀವು ಶೇಕಡಾ 4.5 ಅಂತ ಅಷ್ಟು ಕರಾರುವಾಕ್ಕಾಗಿ ಹೇಳಿದ್ದಕ್ಕೆ ಏನಾಧಾರ?

ಡಲ್ಲಾಸ್_ಕನ್ನಡತಿ

ಇಲ್ಲಿ ಸಾಮಾನ್ಯವಾಗಿ ಡೈಪರ್ ಬಿಚ್ಚಿಯೇ ತೂಗೋದು. ನನ್ನ ಎರಡನೆಯವನು ತಕ್ಕಡಿ ಮೇಲೇ ಉಚ್ಚೆ ಹೊಯ್ದು ತೂಕ ಇಳಿಸಿಕೊಂಡಿದ್ದ.

ಹಿರಿಯೂರು_ಸಿಸ್ಟರ್

ಮೇಷ್ಟ್ರು ಕೇಳಿದ್ದು ನ್ಯಾಯ. ಒಣ ಡೈಪರೇ 20, 30 ಗ್ರಾಂ ಇರುತ್ತೆ, ಅಂದರೆ ಒಂದು ಔನ್ಸ್. ತಕ್ಕಡಿ ತಕ್ಕಡಿಗೂ ವ್ಯತ್ಯಾಸ ಇರುತ್ತೆ. ಹಾಗಾಗಿ ಆ 4.5 ಮೂರೂವರೆ ಇರಬಹುದು, ಐದೂವರೆ ಇರಬಹುದು, ನಾಲ್ಕನೇ ದಿನ ಡೈಪರ್ ಇದ್ದಿದ್ದರೆ ಐದೂವರೆ ಕಡೆಗೇ ಜಾಸ್ತಿ. ಹತ್ತರ ಹತ್ತಿರ ಅಂತೂ ಹೋಗಲ್ಲ. ಹಿಂದಕ್ಕೆ ಹೋಗಿ ಅದನ್ನು ಪತ್ತೆ ಮಾಡೋಕೆ ಈಗ ಆಗಲ್ಲ. ಮುಂದಿನದ್ದನ್ನೆಲ್ಲ ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ.

ಪುಟ್ಟಿಯ_ಮಾವ (ದಾವಣಗೆರೆ)

ಸಿಸ್ಟರ್, ಇನ್ನೊಂದು. ಅದೇ ಮೆಸೇಜ್‌ನಲ್ಲಿ ಉದ್ದ 18.5 ಇಂಚು ಅಂತ ಇದೆ. ಇದೂ 18 ಇಂಚು ಮತ್ತು ಇನ್ನೇನೋ 5 ಅಂತ ಓದಬೇಕಾ? ಅಪ್ಪ ಈಗ ಎಲ್ಲ ಚುಕ್ಕಿಯನ್ನೂ ಅನುಮಾನದಿಂದ ನೋಡ್ತಿದ್ದಾರೆ.

ಎಕ್ಸೆಲ್_ಗೌಡ್ರು

ಅದು ನಿಜವಾದ ದಶಮಾಂಶ, ಹದಿನೆಂಟೂವರೆ ಇಂಚು. ಇಂಚಿನ ಕೆಳಗೆ ಔನ್ಸಿನ ಥರ ಇನ್ನೊಂದು ಅಳತೆಯ ಹೆಸರಿಲ್ಲ, ಅರ್ಧ, ಕಾಲು ಅಂತಲೇ ಹೋಗೋದು. 2.54ರಿಂದ ಗುಣಿಸಿ, 47 ಸೆಂಟಿಮೀಟರ್.

ಮಂಡಕ್ಕಿ_ಮೇಷ್ಟ್ರು

46.99.

ಎಕ್ಸೆಲ್_ಗೌಡ್ರು

ಮೇಷ್ಟ್ರೇ, 5 ಗ್ರಾಂ ಒಂದು ಚಮಚ ಸಕ್ಕರೆ ಅಂದವರು ನೀವೇ ಅಲ್ವಾ?